ಪಾಠದ ಧ್ವನಿಮುದ್ರಣದಿಂದ ಖಾಲಿ ಮೌನ ತೆಗೆದದ್ದು: ಹಂತ ಹಂತದ ದಾಖಲೆ, ಕೆಟ್ಟ ಪ್ರಯತ್ನಗಳೂ ಸೇರಿ

ಕೈಗೆ ಬಂದ ಫೈಲು: ದ್ರವಗಳ ಒತ್ತಡದ ಬಗ್ಗೆ ಕನ್ನಡದಲ್ಲಿ ಮಾಡಿದ ಪಾಠ, 58 ನಿಮಿಷ 20 ಸೆಕೆಂಡ್. ಒಂದೇ ಚಾನೆಲ್, 48 ಕಿಲೋಹರ್ಟ್ಸ್ ವೇವ್ ಫೈಲು. ಅಂಗಿಗೆ ಸಿಕ್ಕಿಸಿದ ಸಣ್ಣ ಮೈಕ್, ತಲೆಯ ಮೇಲೆ ತಿರುಗುವ ಫ್ಯಾನ್, ನಡುನಡುವೆ ಬೋರ್ಡಿನ ಮೇಲೆ ಬರೆಯುವ ಸದ್ದು. ಕೇಳುವವರಿಗೆ ಧ್ವನಿ ಮಾತ್ರ ಸಿಗುತ್ತದೆ, ವಿಡಿಯೊ ಇಲ್ಲ. ಬಳಸಿದ್ದು ಧ್ವನಿ ಕತ್ತರಿಸಲು ಆಡಾಸಿಟಿ, ಮೌನಗಳ ಪಟ್ಟಿ ತೆಗೆಯಲು ಎಫ್‌ಎಫ್‌ಎಂಪೆಗ್, ಮತ್ತು ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್. ಹಾಳಾದ ಪ್ರಯತ್ನಗಳೂ ಸೇರಿ ಒಟ್ಟು ಏಳು ಗಂಟೆ ಹಿಡಿಯಿತು. ಅದರಲ್ಲಿ ನಾಲ್ಕು ಗಂಟೆ ಬರೀ ಕೇಳುವುದಕ್ಕೇ ಹೋಯಿತು.

ಹಂತ 1: ಮೊದಲ ಪ್ರಯತ್ನ, ಪೂರ್ತಿ ಹಾಳು

ಮೂಲ ಫೈಲಿನ ನಕಲು ಮಾಡಿ, ಇಡೀ ಟ್ರ್ಯಾಕ್ ಆರಿಸಿ, ನೇರವಾಗಿ `Truncate Silence` ಓಡಿಸಲಾಯಿತು. `Threshold` −30 ಡಿಬಿ, `Duration` 0.2 ಸೆಕೆಂಡ್, `Truncate to` 0.1 ಸೆಕೆಂಡ್. ಅಂದರೆ −30 ಡಿಬಿಗಿಂತ ಸಣ್ಣ ಸದ್ದನ್ನೆಲ್ಲ ಮೌನ ಎಂದು ಎಣಿಸು, 0.2 ಸೆಕೆಂಡಿಗಿಂತ ಉದ್ದದ ಮೌನ ಎಲ್ಲೇ ಇದ್ದರೂ ಅದನ್ನು 0.1ಕ್ಕೆ ಇಳಿಸು ಎಂದು ಹೇಳಿದ ಹಾಗೆ. 58 ನಿಮಿಷದ ಪಾಠ 44 ನಿಮಿಷ 40 ಸೆಕೆಂಡಿಗೆ ಇಳಿಯಿತು. ಸಂಖ್ಯೆ ನೋಡಿದರೆ ಖುಷಿ ಆಗಬೇಕು, ಆದರೆ ಎರಡು ನಿಮಿಷ ಕೇಳುವಷ್ಟರಲ್ಲಿ ಕಿವಿ ಸೋತಿತು. ಮೂರು ಬೇರೆ ಬೇರೆ ತಪ್ಪುಗಳು ಆಗಿದ್ದವು. ಮೂರಕ್ಕೂ ಕಾರಣ ಬೇರೆ ಬೇರೆಯಾದ್ದರಿಂದ ಒಂದೊಂದಾಗಿ ನೋಡಬೇಕು.

ಮೊದಲನೆಯದು ಒತ್ತಕ್ಷರ. “ಒತ್ತಡ” ಎಂಬ ಪದ ಈ ಪಾಠದಲ್ಲಿ ಹೆಜ್ಜೆಹೆಜ್ಜೆಗೂ ಬರುತ್ತದೆ. ಅದು ಹಲವು ಕಡೆ “ಒತಡ” ಎಂದು ಕೇಳಿಸತೊಡಗಿತು, “ಮೊತ್ತ” ಎಂಬುದು “ಮೊತ” ಆಯಿತು. ತ್, ಪ್, ಕ್, ಟ್, ಚ್ ಹೇಳುವಾಗ ಬಾಯಿ ಒಂದು ಕ್ಷಣ ಪೂರ್ತಿ ಮುಚ್ಚುತ್ತದೆ, ಆ ಕ್ಷಣ ಅಲೆಯ ಚಿತ್ರದಲ್ಲಿ ಅಪ್ಪಟ ಮೌನದ ಹಾಗೆಯೇ ಕಾಣುತ್ತದೆ. ಒಂಟಿ ವ್ಯಂಜನಕ್ಕೆ ಅದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ದ್ವಿತ್ವಕ್ಕೆ ಅದರ ಸುಮಾರು ಎರಡರಷ್ಟು. ಪಾಠ ಹೇಳುವವರು ಒತ್ತಿ, ನಿಧಾನವಾಗಿ ಹೇಳಿದರೆ ಇನ್ನೂ ಹೆಚ್ಚು. ಅದರ ಹಿಂದಿನ ಸ್ವರ ಕ್ಷೀಣಿಸುವ ತುದಿಯೂ −30ರ ಕೆಳಗೆ ಬಿದ್ದು ಆ ಮೌನಕ್ಕೆ ಸೇರಿಕೊಂಡಿತು. ಎರಡೂ ಕೂಡಿ 0.2 ಸೆಕೆಂಡ್ ದಾಟಿದಲ್ಲೆಲ್ಲ ಕತ್ತರಿ ಬಿತ್ತು. ಕಿವಿಗೆ ದ್ವಿತ್ವ ಅಂದರೆ ಆ ಮೌನದ ಉದ್ದವೇ, ಅದನ್ನು ಕತ್ತರಿಸಿದರೆ ಅಕ್ಷರವೇ ಬದಲಾಗುತ್ತದೆ.

ಎರಡನೆಯದು ವಾಕ್ಯದ ಕೊನೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಪದ ಸ್ವರದಲ್ಲಿ ಮುಗಿಯುತ್ತದೆ, ದನಿ ಅತಿ ಕೆಳಗಿಳಿಯುವುದೂ ಅಲ್ಲೇ. “ಹೆಚ್ಚಾಗುತ್ತದೆ” ಎಂಬುದರ ಕೊನೆಯ “ದೆ” ನುಂಗಿಹೋದರೆ ಅರ್ಥ ಹೇಗೋ ಉಳಿಯುತ್ತದೆ. “ಪಾತ್ರೆಯ ಆಕಾರ ಬದಲಾದರೂ ತಳದ ಒತ್ತಡ ಬದಲಾಗುವುದಿಲ್ಲ” ಎಂಬಲ್ಲಿ “ಇಲ್ಲ” ಅರ್ಧ ತುಂಡಾದರೆ ಪಾಠವೇ ಕೆಟ್ಟಿತು. ಈ ಫೈಲಿನಲ್ಲಿ ಮಾತಿನ ಸರಾಸರಿ ಮಟ್ಟ −24 ಡಿಬಿ, ವಾಕ್ಯದ ಕೊನೆಯ ಸ್ವರಗಳು −38, −40ರವರೆಗೂ ಇಳಿಯುತ್ತವೆ. −30 ಎಂದರೆ ಇವೆಲ್ಲ ಮೌನದ ಲೆಕ್ಕಕ್ಕೆ ಸೇರಿದವು. ಆಡಾಸಿಟಿ ತೆರೆದಾಗ ಮೊದಲೇ ತುಂಬಿರುವ ಮೌಲ್ಯ −20 ಡಿಬಿ. ಇಂಥ ಮುದ್ರಣಕ್ಕೆ ಅದು ಇನ್ನೂ ಅಪಾಯ.

ಮೂರನೆಯದು ಲಯ. ಅಲ್ಪವಿರಾಮವೂ ಪೂರ್ಣವಿರಾಮವೂ ಹೊಸ ವಿಷಯ ಶುರುವಾಗುವ ಮುಂಚಿನ ನಿಲುಗಡೆಯೂ ಎಲ್ಲ 0.1 ಸೆಕೆಂಡೇ ಆದವು. ಪದಗಳೆಲ್ಲ ಸರಿಯಿದ್ದ ಜಾಗದಲ್ಲೂ ಮಾತು ಒಂದೇ ಉಸಿರಿನಲ್ಲಿ ಓದಿಸಿದ ಹಾಗೆ ಕೇಳಿಸಿತು. ತುಂಡುತುಂಡು ಎನಿಸುವುದಕ್ಕೆ ಜೋಡಣೆಯ ಸದ್ದೇ ಕಾರಣ ಎಂದು ಹಲವರು ಅಂದುಕೊಳ್ಳುತ್ತಾರೆ. ಇಲ್ಲಿ ಜೋಡಣೆಯಲ್ಲಿ ಒಂದೂ “ಟಿಕ್” ಇರಲಿಲ್ಲ. ಎಲ್ಲ ವಿರಾಮಗಳನ್ನೂ ಸಮ ಮಾಡಿದ್ದೇ ಕಾರಣ.

ಹಂತ 2: ಮೌನದ ಮಟ್ಟ ಅಳೆಯುವುದು

ಎರಡನೇ ಸಲ ಅಳತೆಯಿಂದ ಶುರು. ಮಾತಿಲ್ಲದ, ಉಸಿರೂ ಇಲ್ಲದ 3 ಸೆಕೆಂಡಿನ ಜಾಗ ಹುಡುಕಿ `Measure RMS` ನೋಡಿದಾಗ −58 ಡಿಬಿ ಬಂತು. ಅದರ ಮೇಲೆ ಸ್ವಲ್ಪ ಜಾಗ ಬಿಟ್ಟು −55ರಲ್ಲಿ ಮೌನಗಳ ಪಟ್ಟಿ ತೆಗೆದರೆ 58 ನಿಮಿಷದಲ್ಲಿ ಸಿಕ್ಕಿದ್ದು ಬರೀ ಹನ್ನೊಂದು.

ಇಲ್ಲಿ ಆದ ತಪ್ಪು ಮತ್ತೆಮತ್ತೆ ಆಗುವಂಥದ್ದು. `Measure RMS` ಹೇಳುವುದು ಸರಾಸರಿ. ಮೌನ ಹುಡುಕುವ ಸಾಧನಗಳು ಸರಾಸರಿ ನೋಡುವುದಿಲ್ಲ, ಸೆಕೆಂಡಿಗೆ 48,000 ಸಲ ಅಳೆದ ಒಂದೊಂದು ಸ್ಯಾಂಪಲನ್ನೂ ಬೇರೆಯಾಗಿ ನೋಡುತ್ತವೆ. ಒಂದೇ ಒಂದು ಸ್ಯಾಂಪಲ್ ಗೆರೆ ದಾಟಿದರೂ ಮೌನ ಮುಗಿಯಿತು ಎಂದು ಬರೆದುಕೊಂಡು ಎಣಿಕೆಯನ್ನು ಹೊಸದಾಗಿ ಶುರು ಮಾಡುತ್ತವೆ. ಫ್ಯಾನಿನ ಸದ್ದಿನ ಸರಾಸರಿ −58 ಇದ್ದರೂ ಅದರ ಅತಿ ಎತ್ತರದ ಮೊನೆಗಳು −44ರವರೆಗೆ ಏರುತ್ತಿದ್ದವು. ಆದ್ದರಿಂದ ಥ್ರೆಶೋಲ್ಡನ್ನು ಹೋಲಿಸಬೇಕಾದದ್ದು ಸದ್ದಿನ ಮೊನೆಯ ಜೊತೆ, ಸರಾಸರಿಯ ಜೊತೆ ಅಲ್ಲ.

ಆದರೆ ಮೊನೆ −44, ವಾಕ್ಯದ ಕೊನೆಯ ಸ್ವರ −40. ನಡುವೆ ಗೆರೆ ಎಳೆಯಲು ನಾಲ್ಕೇ ಡಿಬಿ ಜಾಗ, ಅದು ಸಾಲದು. ಮೊನೆಗಳ ಬಹುಪಾಲು ಫ್ಯಾನಿನ ಕೆಳದನಿಯ ಗುಂಯ್ ಸದ್ದಿನದು. `High-Pass Filter`ನಲ್ಲಿ 80 ಹರ್ಟ್ಸ್, `Roll-off` 12 ಡಿಬಿ ಇಟ್ಟು ಓಡಿಸಿದ ಮೇಲೆ ಮೌನದ ಮೊನೆಗಳು −51ಕ್ಕೆ ಇಳಿದವು. ಮಾತಿನಲ್ಲಿ ಕಿವಿಗೆ ತಿಳಿಯುವ ಬದಲಾವಣೆ ಏನೂ ಆಗಲಿಲ್ಲ. ಈಗ −51ಕ್ಕೂ −40ಕ್ಕೂ ನಡುವೆ ಸಾಕಷ್ಟು ಜಾಗ ಸಿಕ್ಕಿತು, ಗೆರೆ −46ಕ್ಕೆ ನಿಂತಿತು.

```
ffmpeg -i patha-80hz.wav -af silencedetect=noise=-46dB:d=0.8 -f null - 2> mouna.txt
```

ಈ ಆಜ್ಞೆ ಏನನ್ನೂ ಕತ್ತರಿಸುವುದಿಲ್ಲ. ಪ್ರತಿ ಮೌನದ ಶುರು, ಕೊನೆ, ಉದ್ದ ಮೂರನ್ನೂ ಪಠ್ಯವಾಗಿ ಬರೆದಿಡುತ್ತದೆ. 312 ಮೌನಗಳು ಸಿಕ್ಕವು. ಪಟ್ಟಿಯಿಂದ ಇಪ್ಪತ್ತನ್ನು ಅಲ್ಲೊಂದು ಇಲ್ಲೊಂದು ಆರಿಸಿ, ಆಡಾಸಿಟಿಯಲ್ಲಿ ಆ ಜಾಗಕ್ಕೇ ಹೋಗಿ ಕೇಳಲಾಯಿತು. ಇಪ್ಪತ್ತರಲ್ಲಿ ಒಂದರಲ್ಲೂ ಪದದ ತುದಿ ಮೌನದೊಳಗೆ ಸಿಕ್ಕಿಕೊಂಡಿರಲಿಲ್ಲ. ಸಿಕ್ಕಿದ್ದರೆ ಥ್ರೆಶೋಲ್ಡನ್ನು ಇನ್ನೂ ಎರಡು ಡಿಬಿ ಇಳಿಸಬೇಕಿತ್ತು. ಕತ್ತರಿಸುವ ಮೊದಲು ಈ ಹತ್ತು ನಿಮಿಷ ಕೊಡಲೇಬೇಕು.

ಒಂದು ಮಾತು: ಜೋರು ದನಿಗೂ ಸಣ್ಣ ದನಿಗೂ ನಡುವಿನ ಅಂತರ ತಗ್ಗಿಸುವ ಕಂಪ್ರೆಸರ್ ಹಾಕುವುದು, ಒಟ್ಟು ಮಟ್ಟ ಏರಿಸುವುದು, ಇವೆಲ್ಲ ಕತ್ತರಿ ಕೆಲಸ ಮುಗಿದ ಮೇಲೆ. ಮೊದಲೇ ಕಂಪ್ರೆಸರ್ ಹಾಕಿದರೆ ಫ್ಯಾನೂ ಉಸಿರೂ ಮೇಲೆದ್ದು, ಕಷ್ಟಪಟ್ಟು ಗಳಿಸಿದ ಆ ಹನ್ನೊಂದು ಡಿಬಿ ಅಂತರ ಕುಗ್ಗಿಹೋಗುತ್ತದೆ. ಮೊದಲೇ ಮಟ್ಟ ಏರಿಸಿದರೆ ಅಂತರ ಅಷ್ಟೇ ಉಳಿದರೂ −46ರ ಗೆರೆ ತಪ್ಪಾಗುತ್ತದೆ.

ಹಂತ 3: ಮೌನ ತೆಗೆಯದೆ ಕುಗ್ಗಿಸುವುದು

`Truncate Silence`ನಲ್ಲಿ ಎರಡು ಬಗೆ ಇದೆ. ಮೊದಲ ಸಲ ಬಳಸಿದ್ದು `Truncate Detected Silence`, ಅದು ಎಲ್ಲವನ್ನೂ ಒಂದೇ ಅಳತೆಗೆ ತರುತ್ತದೆ. ಈ ಸಲ `Compress Excess Silence`. `Threshold` −46 ಡಿಬಿ, `Duration` 0.8 ಸೆಕೆಂಡ್, `Compress to` 40%. ಇದರ ಲೆಕ್ಕ ಸುಲಭ: ಮೊದಲ 0.8 ಸೆಕೆಂಡನ್ನು ಮುಟ್ಟುವುದಿಲ್ಲ, ಅದಕ್ಕಿಂತ ಹೆಚ್ಚಿರುವ ಭಾಗದಲ್ಲಿ 40% ಮಾತ್ರ ಉಳಿಸುತ್ತದೆ.

ಒಂದು ಸೆಕೆಂಡಿನ ವಿರಾಮ 0.88 ಆಗುತ್ತದೆ, ಅಂದರೆ ಹೆಚ್ಚುಕಡಿಮೆ ಇದ್ದಂತೆಯೇ. ಎರಡು ಸೆಕೆಂಡಿನದು 1.28. ಐದು ಸೆಕೆಂಡಿನದು 2.48. ಚಿಕ್ಕದು ಚಿಕ್ಕದಾಗಿಯೇ, ದೊಡ್ಡದು ದೊಡ್ಡದಾಗಿಯೇ ಉಳಿದು, ಅಂತರ ಮಾತ್ರ ಕುಗ್ಗುತ್ತದೆ. ಒಂದು ವಿಷಯ ಮುಗಿದು ಇನ್ನೊಂದು ಶುರುವಾಯಿತು ಎಂದು ಕೇಳುವವರಿಗೆ ಈಗಲೂ ವಿರಾಮದಿಂದಲೇ ಗೊತ್ತಾಗುತ್ತದೆ. 0.8ಕ್ಕಿಂತ ಚಿಕ್ಕ ಮೌನಗಳನ್ನು ಈ ಹಂತ ನೋಡುವುದೇ ಇಲ್ಲವಾದ್ದರಿಂದ ದ್ವಿತ್ವಗಳಿಗೆ ಭಯವಿಲ್ಲ.

0.8 ಎಂಬ ಸಂಖ್ಯೆಗೆ ಇನ್ನೊಂದು ಕಾರಣವೂ ಇದೆ. ಆಡಾಸಿಟಿ ಮೌನದ ನಡುವಿನಿಂದ ತುಂಡು ತೆಗೆಯುತ್ತದೆ, ಉಳಿಸುವ ಮೌನವನ್ನು ಎರಡೂ ಬದಿಗೆ ಅರ್ಧರ್ಧ ಬಿಡುತ್ತದೆ. 0.8 ಉಳಿದರೆ ಹಿಂದಿನ ಪದದ ಬಾಲಕ್ಕೆ ಕನಿಷ್ಠ 0.4 ಸೆಕೆಂಡ್, ಮುಂದಿನ ಪದದ ಮುಂಚೆ ಎಳೆದುಕೊಳ್ಳುವ ಉಸಿರಿಗೆ 0.4 ಸೆಕೆಂಡ್. ಗೆರೆಯ ಕೆಳಗೆ ಬಿದ್ದ ಸಣ್ಣ ದನಿ ಏನಾದರೂ ಇದ್ದರೂ ಆ ಅಂಚಿನಲ್ಲಿ ಬದುಕಿಕೊಳ್ಳುತ್ತದೆ. ಮೊದಲ ಪ್ರಯತ್ನದಲ್ಲಿ ಪದದ ಬಾಲಕ್ಕೆ ಸಿಕ್ಕಿದ್ದು 0.05 ಸೆಕೆಂಡ್. “ಇಲ್ಲ” ತುಂಡಾದದ್ದು ಅದಕ್ಕೇ.

ಫಲ: 58:20 ಇದ್ದದ್ದು 52:05 ಆಯಿತು, ಮುಂದೆ ಹೇಳುವ ಆರು ವಿರಾಮಗಳನ್ನು ಮರಳಿ ಕೂರಿಸಿದ್ದೂ ಸೇರಿ. `Compress to` ಅನ್ನು 25%ಕ್ಕೆ ಇಳಿಸಿ ಕೂಡ ನೋಡಲಾಯಿತು. ಸುಮಾರು ಒಂದೂವರೆ ನಿಮಿಷ ಹೆಚ್ಚು ಉಳಿತಾಯವಾಯಿತು, ಆದರೆ ತರಗತಿಗೆ ಪ್ರಶ್ನೆ ಕೇಳಿ ಕಾಯುವ ಜಾಗಗಳಲ್ಲಿ ಯೋಚಿಸುವ ಹೊತ್ತೇ ಇಲ್ಲದಂತಾಯಿತು. 40ಕ್ಕೇ ವಾಪಸ್. ಅಂಥ ಪ್ರಶ್ನೆಗಳು ಪಾಠದಲ್ಲಿ ಆರು ಇದ್ದವು. ಮೂಲ ಫೈಲಿನಿಂದ ಅವುಗಳ ಪೂರ್ತಿ ವಿರಾಮವನ್ನು ನಕಲು ಮಾಡಿ ಮತ್ತೆ ಕೂರಿಸಲಾಯಿತು. ಕೂರಿಸುವಾಗ ಮೂಲವೂ 80 ಹರ್ಟ್ಸ್ ಫಿಲ್ಟರ್ ಹಾಕಿದ ಪ್ರತಿಯೇ ಆಗಿರಬೇಕು. ಒಂದು ಕಡೆ ಮರೆತು ಕಚ್ಚಾ ಪ್ರತಿಯಿಂದ ತಂದದ್ದು ಫ್ಯಾನಿನ ಗುಂಯ್ ಸದ್ದು ದಿಢೀರ್ ಎದ್ದು ಮಲಗಿದಾಗ ಗೊತ್ತಾಯಿತು.

ಹಂತ 4: ಬೋರ್ಡಿನ ಮೇಲೆ ಬರೆಯುವ ಹೊತ್ತು

ಸೀಮೆಸುಣ್ಣದ ಟಕಟಕ −46ರ ಮೇಲಿದ್ದ ಕಾರಣ ಯಾವ ಸಾಧನವೂ ಅದನ್ನು ಮೌನ ಎನ್ನಲಿಲ್ಲ. ಅವನ್ನು ಕೈಯಲ್ಲೇ ಕತ್ತರಿಸಬೇಕು. ಒಂಬತ್ತು ಜಾಗ, ಒಟ್ಟು ತೆಗೆದದ್ದು 1 ನಿಮಿಷ 50 ಸೆಕೆಂಡ್. ಬರೆಯುವ ಸದ್ದನ್ನು ಪೂರ್ತಿ ಒರೆಸದೆ ಮೊದಲ ಎರಡು ಮೂರು ಟಕಟಕ ಉಳಿಸಿ, ನಡುವಿನದನ್ನು ತೆಗೆದು, ಕೊನೆಯ ಒಂದು ಹೊಡೆತವನ್ನು ಬಿಟ್ಟರೆ ಚೆನ್ನ. ಬರೆದು ಮುಗಿಸಿದರು ಎಂದು ಕೇಳುವವರಿಗೆ ತಿಳಿಯುತ್ತದೆ, “ಇಲ್ಲಿ ನೋಡಿ” ಎಂದು ಮಾತು ಶುರುವಾದಾಗ ಗೊಂದಲ ಆಗುವುದಿಲ್ಲ. ಕತ್ತರಿ ಎರಡು ಹೊಡೆತಗಳ ನಡುವೆ ಬೀಳಬೇಕು, ಹೊಡೆತದ ಮೇಲಲ್ಲ. ಈಗ 50:15.

ಹಂತ 5: “ಆಂ”, “ಅಂದ್ರೆ”, ಎಳೆದ ಸ್ವರ

ಹೆಚ್ಚು ಹೊತ್ತು ಹಿಡಿದದ್ದು ಇದು. ಮೊದಲು ಒಂದು ಸಲ ಪೂರ್ತಿ ಕೇಳುತ್ತಾ, ಓಡುತ್ತಿರುವಾಗಲೇ `Ctrl+M` ಒತ್ತಿ ಗುರುತು ಹಾಕುತ್ತಾ ಹೋಗಬೇಕು. ಕೇಳುತ್ತಲೇ ಕತ್ತರಿಸಲು ಹೋದರೆ ಮಾತಿನ ಓಟ ಕಿವಿಯಿಂದ ಜಾರಿ, ತೆಗೆಯಬಾರದ್ದನ್ನೂ ತೆಗೆದುಬಿಡುತ್ತೇವೆ. 143 ಗುರುತು ಬಿದ್ದವು. ಕೊನೆಗೆ ತೆಗೆದದ್ದು 96, ಬಿಟ್ಟದ್ದು 47.

ಎರಡೂ ಬದಿ ಮೌನ ಇರುವ ಒಂಟಿ “ಆಂ” ಸುಲಭ. ಆದರೆ ಅದನ್ನು ಮಾತ್ರ ತೆಗೆದರೆ ಎರಡು ಬದಿಯ ವಿರಾಮಗಳು ಕೂಡಿಕೊಂಡು ಇನ್ನೊಂದು ಉದ್ದದ ಮೌನ ಹುಟ್ಟುತ್ತದೆ. 17ನೇ ನಿಮಿಷದ ಒಂದು ಜಾಗ ಹೀಗಿತ್ತು: “…ಆಳದ ಮೇಲೆ ನಿಂತಿದೆ”, 0.7 ಸೆಕೆಂಡ್ ಮೌನ, 0.5 ಸೆಕೆಂಡ್ “ಆಂ”, 0.6 ಸೆಕೆಂಡ್ ಮೌನ ಮತ್ತು ಅದರ ಕೊನೆಯಲ್ಲಿ ಉಸಿರು, ಆಮೇಲೆ “ಹಾಗಾದರೆ”. ಮೊದಲು “ಆಂ” ಮಾತ್ರ ತೆಗೆದಾಗ 1.3 ಸೆಕೆಂಡ್ ಖಾಲಿ ಉಳಿದು, ಮಾತು ಮರೆತು ನಿಂತ ಹಾಗಾಯಿತು. ಆಮೇಲೆ ಮೊದಲ ಮೌನದ 0.2ನೇ ಸೆಕೆಂಡಿನಿಂದ “ಆಂ” ಮುಗಿಯುವವರೆಗೆ ಒಟ್ಟಿಗೆ ತೆಗೆಯಲಾಯಿತು. ಉಳಿದದ್ದು 0.2 ಮತ್ತು 0.6, ಕೂಡಿ 0.8. ಉಸಿರು ಪೂರ್ತಿಯಾಗಿ “ಹಾಗಾದರೆ” ಜೊತೆಗೇ ಉಳಿಯಿತು, ಜೋಡಣೆ ಕೇಳಿಸಲಿಲ್ಲ.

ಉಸಿರಿನ ವಿಷಯದಲ್ಲಿ ಎಚ್ಚರ ಬೇಕು. ಉಸಿರನ್ನು ಇಟ್ಟರೆ ಪೂರ್ತಿ ಇಡಬೇಕು, ತೆಗೆದರೆ ಪೂರ್ತಿ ತೆಗೆಯಬೇಕು. ಅರ್ಧ ಉಸಿರು ಎಷ್ಟು ಸಣ್ಣದಿದ್ದರೂ ಬಿಕ್ಕಳಿಕೆಯ ಹಾಗೆ ಕೇಳಿಸುತ್ತದೆ. ಉಸಿರು, “ಆಂ”, ಮತ್ತೆ ಉಸಿರು ಎಂದು ಬಂದರೆ ಎರಡನೆಯ ಉಸಿರನ್ನು ಉಳಿಸಬೇಕು, ಮುಂದಿನ ಮಾತಿಗೆ ಎಳೆದುಕೊಂಡದ್ದು ಅದೇ. ಮೊದಲನೆಯದನ್ನು ಉಳಿಸಿದರೆ ಉಸಿರಿನ ಜೋರಿಗೂ ನಂತರದ ಮಾತಿನ ಜೋರಿಗೂ ತಾಳೆ ಆಗುವುದಿಲ್ಲ.

ಕಷ್ಟವಾದದ್ದು ಪದದ ಕೊನೆಗೇ ಅಂಟಿದ ಎಳೆತ: “ಪಾದರಸವನ್ನೂಊಊ”, “ಅಂತಾಆಆ”. ಇಲ್ಲಿ ಬೇರೆ ಸದ್ದು ಅಂಟಿಲ್ಲ, ಪದದ ಸ್ವರವೇ ಉದ್ದವಾಗಿದೆ. ಬಾಲದಿಂದ ಕತ್ತರಿಸಿದರೆ ದನಿ ಥಟ್ಟನೆ ನಿಲ್ಲುತ್ತದೆ. ಬಾಲವನ್ನು ಹಾಗೇ ಇಟ್ಟು, ಎಳೆತದ ನಡುವಿನಿಂದ ತೆಗೆಯಬೇಕು. ಅಲೆಯನ್ನು ದೊಡ್ಡದಾಗಿಸಿದರೆ ಒಂದೇ ಆಕಾರ ಮತ್ತೆಮತ್ತೆ ಬರುವುದು ಕಾಣುತ್ತದೆ. ಈ ದನಿಯಲ್ಲಿ ಸೆಕೆಂಡಿಗೆ ಸುಮಾರು 120 ಸಲ, ಅಂದರೆ ಒಂದು ಆವರ್ತನೆಗೆ ಎಂಟು ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಒಂದು ಆಕಾರದ ಶುರುವಿನಿಂದ ಇನ್ನೊಂದು ಆಕಾರದ ಶುರುವಿನವರೆಗೆ, ಪೂರ್ತಿ ಆವರ್ತನೆಗಳನ್ನೇ ಎಣಿಸಿ ತೆಗೆಯಬೇಕು. ಆಯ್ಕೆಯ ಎರಡೂ ತುದಿ ಅಲೆ ಶೂನ್ಯ ದಾಟುವಲ್ಲಿ ಕೂರಲು `Z` ಒತ್ತಬೇಕು. ಆದರೆ `Z` ಹತ್ತಿರದ ಶೂನ್ಯಕ್ಕೆ ಒಯ್ಯುತ್ತದೆಯೇ ಹೊರತು ಅದು ಆಕಾರದ ಶುರುವೋ ನಡುವೋ ಎಂದು ನೋಡುವುದಿಲ್ಲ. ಅದನ್ನು ಕಣ್ಣಿನಿಂದಲೇ ಪರೀಕ್ಷಿಸಬೇಕು. ಅರ್ಧ ಆವರ್ತನೆ ಉಳಿದರೆ “ಟಪ್” ಎಂಬ ಸಣ್ಣ ಸದ್ದು ಬರುತ್ತದೆ.

ಎಳೆತದಲ್ಲಿ ದನಿಯ ಎತ್ತರ ಇಳಿಯುತ್ತಾ ಹೋಗಿದ್ದರೆ ಈ ಉಪಾಯ ನಡೆಯುವುದಿಲ್ಲ. ನಡುವಿನದನ್ನು ತೆಗೆದಾಗ ಎತ್ತರ ಒಂದು ಮೆಟ್ಟಿಲು ಜಾರಿದಂತೆ ಕೇಳಿಸುತ್ತದೆ, ಎಷ್ಟು ನಯವಾಗಿ ಬೆಸೆದರೂ ಮುಚ್ಚುವುದಿಲ್ಲ. ಅಂಥ ಹದಿನೆಂಟು ಎಳೆತಗಳನ್ನು ಒಂದೂವರೆ ಗಂಟೆ ಗುದ್ದಾಡಿ ಆಮೇಲೆ ಹಾಗೇ ಬಿಡಲಾಯಿತು. ಮೊದಲೇ ಬಿಡಬಹುದಿತ್ತು. ಎಳೆತದ ಶುರುವಿನ ಆವರ್ತನೆಯನ್ನೂ ಕೊನೆಯ ಆವರ್ತನೆಯನ್ನೂ ಅಳೆದು ನೋಡಿ, 8 ಮಿಲಿಸೆಕೆಂಡ್ ಇದ್ದದ್ದು 10 ಆಗಿದ್ದರೆ ಮುಟ್ಟದೆ ಮುಂದೆ ಹೋಗುವುದೇ ಸರಿ.

“ಅಂದ್ರೆ” ಯಾವಾಗಲೂ ವ್ಯರ್ಥ ಪದವಲ್ಲ. “ಸಾಂದ್ರತೆ ಅಂದ್ರೆ” ಎಂಬಲ್ಲಿ ಅದು ವಾಕ್ಯದ ಕೀಲು. ಮೊದಲ ಸುತ್ತಿನಲ್ಲಿ ಅಂಥ ನಾಲ್ಕು ತೆಗೆದುಹೋಗಿದ್ದವು, ಅರ್ಥ ಕೆಟ್ಟು ಮತ್ತೆ ತರಬೇಕಾಯಿತು. ಅದರ ಹಿಂದೆಯೂ ಮುಂದೆಯೂ ಮೌನ ಇದ್ದು, ತೆಗೆದರೂ ವಾಕ್ಯ ನಿಲ್ಲುತ್ತದೆಯೆಂದು ಬಾಯಿಬಿಟ್ಟು ಓದಿ ನೋಡಿದ ಮೇಲೆಯೇ ಕತ್ತರಿಸಬೇಕು. ಮುಂದಿನ ಪದ ಕ, ತ, ಪ, ಟಗಳಲ್ಲಿ ಶುರುವಾದರೆ ಕೆಲಸ ಹಗುರ: ಬಾಯಿ ಮುಚ್ಚುವ ಆ ಪುಟ್ಟ ಮೌನದಲ್ಲಿ ಕತ್ತರಿ ಹಾಕಿದರೆ ಗೊತ್ತೇ ಆಗುವುದಿಲ್ಲ. ಸ್ವರದಲ್ಲಿ ಶುರುವಾಗಿ “ಆಂ” ಜೊತೆ ಬೆರೆತಿದ್ದರೆ ಬಿಟ್ಟುಬಿಡುವುದು ಒಳ್ಳೆಯದು.

ಕೆಮ್ಮು ತೆಗೆದ ಎರಡು ಕಡೆ ಮಾತ್ರ ವಿರಾಮ ಬೇಕೇ ಬೇಕಿತ್ತು. ಅಲ್ಲಿ `Silence Audio` ಬಳಸಿದಾಗ ಫ್ಯಾನ್ ಕೂಡ ನಿಂತು, ಮೈಕ್ ಆರಿಸಿ ಹಾಕಿದ ಹಾಗಾಯಿತು. ಬದಲಿಗೆ ಅದೇ ನಿಮಿಷದ ಹತ್ತಿರದಿಂದ ಖಾಲಿ ಕೊಠಡಿಯ ಸದ್ದನ್ನು ನಕಲು ಮಾಡಿ ಅಂಟಿಸಲಾಯಿತು. ಹತ್ತಿರದಿಂದಲೇ ಏಕೆಂದರೆ, ಪಾಠದ ಶುರುವಿಗೂ ಕೊನೆಗೂ ನಡುವೆ ಫ್ಯಾನಿನ ವೇಗ ಬದಲಾಗಿತ್ತು.

ಈ ಹಂತದಲ್ಲಿ ಉಳಿತಾಯವಾದದ್ದು 1 ನಿಮಿಷ 20 ಸೆಕೆಂಡ್ ಅಷ್ಟೇ. ಉದ್ದ ಈಗ 48:55. ಹೊತ್ತಿನ ಲೆಕ್ಕದಲ್ಲಿ ಇದು ದುಬಾರಿ ಎನಿಸಬಹುದು, ಆದರೆ ಕೇಳುವಾಗ ಹೆಚ್ಚು ವ್ಯತ್ಯಾಸ ತಂದದ್ದು ಇದೇ.

ಹಂತ 6: ಪರೀಕ್ಷೆ

ಪರದೆ ಆರಿಸಿ, ಅಲೆಯ ಚಿತ್ರ ನೋಡದೆ, ಮಾಮೂಲು ವೇಗದಲ್ಲಿ, ಮರುದಿನ ಕೇಳಬೇಕು. ಕತ್ತರಿ ಎಲ್ಲಿದೆ ಎಂದು ಕಣ್ಣಿಗೆ ಕಂಡರೆ ಕಿವಿಗೂ ಕೇಳಿದಂತಾಗುತ್ತದೆ, ಕಾಣದಿದ್ದರೆ ನಿಜವಾಗಿ ಕೇಳುವುದು ಮಾತ್ರ ಕೇಳುತ್ತದೆ. ಏಳು ಕಡೆ ತೊಡರಿತು. ಐದು ಕಡೆ ವಿರಾಮ ತೀರಾ ಕಡಿಮೆಯಾಗಿತ್ತು, ಮೂಲದಿಂದ 0.2, 0.3 ಸೆಕೆಂಡ್ ಮರಳಿ ಸೇರಿಸಿದ ಮೇಲೆ ಸರಿಹೋಯಿತು. ಒಂದು ಕಡೆ ಅರ್ಧ ಉಸಿರು, ಇನ್ನೊಂದು ಕಡೆ ಎರಡು ತುಣುಕುಗಳ ನಡುವೆ ದನಿಯ ಎತ್ತರ ಜಾರಿತ್ತು. ಎತ್ತರ ಜಾರಿದ್ದನ್ನು ಸರಿಪಡಿಸಲು ಆಗಲಿಲ್ಲ, ಅಲ್ಲಿದ್ದ “ಆಂ” ವಾಪಸ್ ಬಂತು.

ಇದೇ ಪಾಠಕ್ಕೆ ವಿಡಿಯೊ ಇದ್ದಿದ್ದರೆ ಧ್ವನಿಯನ್ನು ಬೇರೆಯಾಗಿ ಕತ್ತರಿಸುವ ಹಾಗೇ ಇಲ್ಲ, ಮೊದಲ ಕತ್ತರಿಗೇ ತುಟಿಯೂ ಮಾತೂ ಬೇರೆಯಾಗುತ್ತವೆ. ವಿಡಿಯೊ ಸಂಪಾದಕದಲ್ಲಿ ಎರಡನ್ನೂ ಒಟ್ಟಿಗೆ ಕತ್ತರಿಸಬೇಕು. ಸೆಕೆಂಡಿಗೆ 25 ಚಿತ್ರಗಳಿದ್ದರೆ ಕತ್ತರಿ 40 ಮಿಲಿಸೆಕೆಂಡಿನ ಮೆಟ್ಟಿಲುಗಳಲ್ಲಿ ಮಾತ್ರ ಚಲಿಸುತ್ತದೆ, ಹಾಗಾಗಿ ಎಳೆದ ಸ್ವರದೊಳಗಿನ ಕೆಲಸವನ್ನು ಅಲ್ಲಿ ಬಿಟ್ಟು, ಮೌನಗಳನ್ನಷ್ಟೇ ಮುಟ್ಟುವುದು.

ಕೊನೆಯ ಉದ್ದ 48:57. 80 ಹರ್ಟ್ಸ್ ಪ್ರತಿ, `mouna.txt`, ಗುರುತುಗಳ ಫೈಲು, ಆಡಾಸಿಟಿ ಪ್ರಾಜೆಕ್ಟ್, ನಾಲ್ಕನ್ನೂ ಒಂದೇ ಫೋಲ್ಡರಿನಲ್ಲಿ ಇಡಲಾಗಿದೆ. ಮಟ್ಟ ಏರಿಸುವ ಕೆಲಸ ಇದರ ಮೇಲೆ ಶುರುವಾಗಬೇಕು.